ಅಂಗೈ ರೇಖೆಯ ಮೇಲೆ ವಯಸ್ಸು ಗುರುತಿಸುವುದು ಹೇಗೆ? ಆ ಲೆಕ್ಕವನ್ನು ಎಷ್ಟು ನಂಬಬಹುದು?

ಒಂದು ಅಂಗೈಯ ಚಿತ್ರ. ಹೆಬ್ಬೆರಳನ್ನು ಬಳಸಿ ಇಳಿಯುವ ರೇಖೆಯ ಮೇಲೆ ಸ್ಕೇಲಿನ ಹಾಗೆ 10, 20, 30 ಎಂದು 80ರವರೆಗೆ ಅಂಕಿಗಳು. ಕೆಳಗೆ ಎರಡು ಸಾಲು: ನಿಮ್ಮ ರೇಖೆ ಎಲ್ಲಿ ತುಂಡಾಗಿದೆಯೋ ನೋಡಿಕೊಳ್ಳಿ, ಆ ವಯಸ್ಸಿನಲ್ಲಿ ಗಂಡಾಂತರವಿದೆ, ನಿಮ್ಮವರಿಗೂ ತಿಳಿಸಿ. ಇಂತಹ ಚಿತ್ರ ನಿಮ್ಮ ಫೋನಿಗೂ ಬಂದಿರಬಹುದು. ಓದಿದ ಮರುಕ್ಷಣ ಅಂಗೈ ನೋಡಿಕೊಳ್ಳದವರು ಕಡಿಮೆ. ನಾವೂ ನೋಡಿಕೊಂಡೆವು.

ಈ ಲೇಖನದಲ್ಲಿ ಆ ಅಂಕಿಗಳು ಎಲ್ಲಿಂದ ಬಂದವು, ಹಸ್ತಸಾಮುದ್ರಿಕ ಓದುವವರು ವರ್ಷಗಳನ್ನು ನಿಜವಾಗಿ ಹೇಗೆ ಲೆಕ್ಕ ಹಾಕುತ್ತಾರೆ, ಅದೇ ಕೈಗೆ ಆ ಲೆಕ್ಕವನ್ನು ಎರಡು ಮೂರು ಬಗೆಯಲ್ಲಿ ಹಾಕಿದರೆ ಏನಾಗುತ್ತದೆ ಎಂಬುದನ್ನು ನೋಡೋಣ.

ಚುಟುಕಾಗಿ ಹೇಳುವುದಾದರೆ

ರೇಖೆಯ ಮೇಲಿನ ವಯಸ್ಸಿನ ಗುರುತುಗಳಿಗೆ ಎಲ್ಲರೂ ಒಪ್ಪಿದ ಒಂದೇ ಅಳತೆಯಿಲ್ಲ. ಒಂದೇ ಕೈಯ ಒಂದೇ ಗುರುತು ಒಂದು ಪದ್ಧತಿಯಲ್ಲಿ 35 ವರ್ಷ, ಇನ್ನೊಂದರಲ್ಲಿ 50 ವರ್ಷ ಎಂದಾಗುತ್ತದೆ. ರೇಖೆಗಳು ಹುಟ್ಟುವ ಮೊದಲೇ ಮೂಡುವ ಚರ್ಮದ ಮಡಿಕೆಗಳು. ಮುಂದೆ ನಡೆಯುವುದನ್ನು ವರ್ಷದ ಲೆಕ್ಕದಲ್ಲಿ ಬರೆದಿಡುವ ವ್ಯವಸ್ಥೆ ಅವುಗಳಲ್ಲಿ ಇಲ್ಲ.

ವರ್ಷಗಳನ್ನು ಗುರುತಿಸುವ ಬಗೆ

ಅಂಗೈಯಲ್ಲಿ ಮುಖ್ಯವಾಗಿ ಮೂರು ರೇಖೆಗಳಿವೆ. ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಹುಟ್ಟಿ, ಹೆಬ್ಬೆರಳಿನ ಬುಡದ ಉಬ್ಬನ್ನು ಸುತ್ತಿ ಮಣಿಕಟ್ಟಿನ ಕಡೆಗೆ ಇಳಿಯುವುದು ಜೀವನ ರೇಖೆ. ಅದರ ಪಕ್ಕದಲ್ಲೇ ಹುಟ್ಟಿ ಅಂಗೈಯನ್ನು ಅಡ್ಡಲಾಗಿ ದಾಟುವುದು ಬುದ್ಧಿ ರೇಖೆ. ಅದಕ್ಕೂ ಮೇಲೆ, ಬೆರಳುಗಳ ಬುಡಕ್ಕೆ ಹತ್ತಿರದಲ್ಲಿ, ಕಿರುಬೆರಳಿನ ಕಡೆಯಿಂದ ತೋರುಬೆರಳಿನತ್ತ ಹೋಗುವುದು ಹೃದಯ ರೇಖೆ.

ಜೀವನ ರೇಖೆಯಲ್ಲಿ ವಯಸ್ಸನ್ನು ಮೇಲಿನಿಂದ ಕೆಳಕ್ಕೆ ಎಣಿಸುತ್ತಾರೆ. ತೋರುಬೆರಳಿನ ಕಡೆಯ ತುದಿ ಬಾಲ್ಯ, ಮಣಿಕಟ್ಟಿನ ಕಡೆಯ ತುದಿ ಮುಪ್ಪು. ರೇಖೆ ಬಾಗಿರುವುದರಿಂದ ಸ್ಕೇಲಿನಲ್ಲಿ ಅಳೆಯಲಾಗುವುದಿಲ್ಲ. ಆದ್ದರಿಂದ ಒಂದು ದಾರವನ್ನು ರೇಖೆಯ ಮೇಲೆ ಕೂರಿಸಿ, ಅದನ್ನು ನೇರ ಮಾಡಿ ಉದ್ದ ಅಳೆದು, ಒಟ್ಟು ವರ್ಷಗಳಿಗೆ ಸಮನಾಗಿ ಹಂಚುವುದು ಒಂದು ಕ್ರಮ. 'ಕೀರೊ' ಎಂಬ ಹೆಸರಿನಲ್ಲಿ 19ನೇ ಶತಮಾನದ ಕೊನೆಯಲ್ಲಿ ಲಂಡನ್ನಿನಲ್ಲಿ ಹೆಸರು ಮಾಡಿದ ಹಸ್ತಸಾಮುದ್ರಿಕನ ಪದ್ಧತಿ ಬೇರೆ. ಅವನು ಬದುಕನ್ನು ಏಳೇಳು ವರ್ಷಗಳ ತುಂಡುಗಳಾಗಿ ವಿಂಗಡಿಸಿ ರೇಖೆಯ ಮೇಲೆ ಗುರುತಿಸುತ್ತಿದ್ದ. ಇಂದು ಕನ್ನಡದಲ್ಲಿ ಸಿಗುವ ಅನೇಕ ಹಸ್ತಸಾಮುದ್ರಿಕ ಪುಸ್ತಕಗಳು ಮತ್ತು ಫೋನಿಗೆ ಬರುವ ಚಿತ್ರಗಳಲ್ಲಿ ಇಂತಹ ಪಾಶ್ಚಾತ್ಯ ಪದ್ಧತಿಗಳ ನೆರಳು ಕಾಣುತ್ತದೆ.

ಬುದ್ಧಿ ಮತ್ತು ಹೃದಯ ರೇಖೆಗಳು ಅಡ್ಡಲಾಗಿರುವುದರಿಂದ ಅಲ್ಲಿ ಬೆರಳುಗಳನ್ನೇ ಅಳತೆಗೋಲು ಮಾಡಿಕೊಳ್ಳುತ್ತಾರೆ. ಪ್ರತಿ ಬೆರಳಿನಿಂದ ರೇಖೆಗೆ ಒಂದು ಲಂಬ ಗೆರೆ ಇಳಿಸಿದಂತೆ ಊಹಿಸಿಕೊಂಡು, ಒಂದೊಂದು ಬೆರಳಿನ ಅಗಲಕ್ಕೆ ಇಷ್ಟಿಷ್ಟು ವರ್ಷ ಎಂದು ಹಂಚುತ್ತಾರೆ. ಕೆಲವರು ಬೆರಳಿಗೆ 20 ವರ್ಷ ಎನ್ನುತ್ತಾರೆ, ಕೆಲವರು 25 ಎನ್ನುತ್ತಾರೆ. ಬುದ್ಧಿ ರೇಖೆಯಲ್ಲಿ ಎಣಿಕೆ ತೋರುಬೆರಳಿನ ಕಡೆಯಿಂದ ಶುರುವಾಗುತ್ತದೆ. ಹೃದಯ ರೇಖೆಯಲ್ಲಿ ಎಲ್ಲಿಂದ ಶುರು ಮಾಡಬೇಕು ಎಂಬುದರ ಬಗ್ಗೆ ಒಮ್ಮತವೇ ಇಲ್ಲ. ತೋರುಬೆರಳಿನ ಕಡೆಯಿಂದ ಎನ್ನುವವರೂ ಇದ್ದಾರೆ, ಕಿರುಬೆರಳಿನ ಕಡೆಯಿಂದ ಎನ್ನುವವರೂ ಇದ್ದಾರೆ.

ಹೀಗೆ ಅಳತೆ ಹಾಕಿದ ಮೇಲೆ ರೇಖೆ ತುಂಡಾದ ಜಾಗ, ದ್ವೀಪದಂತೆ ಎರಡಾಗಿ ಸೀಳಿ ಮತ್ತೆ ಸೇರಿದ ಜಾಗ, ಅಡ್ಡ ಗೆರೆ ಕತ್ತರಿಸಿದ ಜಾಗಗಳನ್ನು ನೋಡುತ್ತಾರೆ. ಅಲ್ಲಿನ ವಯಸ್ಸಿಗೆ ಕಾಯಿಲೆ, ಅಪಘಾತ, ಸಂಕಟ ಎಂದು ಫಲ ಹೇಳುತ್ತಾರೆ.

'ಆಯುಷ್ಯ ರೇಖೆ' ಯಾವುದು?

ಇಲ್ಲಿ ಅನೇಕರಿಗೆ ಗೊತ್ತಿಲ್ಲದ ಸಂಗತಿಯೊಂದಿದೆ. ಹೆಬ್ಬೆರಳು ಸುತ್ತುವ ರೇಖೆಯೇ ಆಯುಷ್ಯ ತಿಳಿಸುವುದು ಎಂದು ನಾವೆಲ್ಲ ಅಂದುಕೊಂಡಿದ್ದೇವೆ. ಅದು ಮುಖ್ಯವಾಗಿ ಪಾಶ್ಚಾತ್ಯ ಹಸ್ತಸಾಮುದ್ರಿಕದ ಮಾತು. ನಮ್ಮ ಹಳೆಯ ಸಂಸ್ಕೃತ ಗ್ರಂಥಗಳಲ್ಲಿ ಆಯುಷ್ಯವನ್ನು ಓದುತ್ತಿದ್ದದ್ದು ಕಿರುಬೆರಳಿನ ಬುಡದಿಂದ ಹೊರಡುವ ರೇಖೆಯಲ್ಲಿ. ಅಂದರೆ ಇವತ್ತು ನಾವು ಹೃದಯ ರೇಖೆ ಎಂದು ಕರೆಯುವ ರೇಖೆಯಲ್ಲಿ! 6ನೇ ಶತಮಾನದ ವರಾಹಮಿಹಿರನ ಬೃಹತ್ಸಂಹಿತೆಯಲ್ಲಿ ಪುರುಷ ಲಕ್ಷಣಗಳನ್ನು ಹೇಳುವಾಗ, ಈ ರೇಖೆ ತೋರುಬೆರಳನ್ನು ಮುಟ್ಟಿದರೆ ನೂರು ವರ್ಷ ಆಯುಷ್ಯ ಎಂಬ ಅರ್ಥದ ಮಾತಿದೆ.

ಹಾಗಾದರೆ ಒಂದೇ ಕೈಯಲ್ಲಿ ಆಯುಷ್ಯ ತೋರಿಸುವ ರೇಖೆ ಯಾವುದು? ಒಂದು ಪರಂಪರೆ ಹೆಬ್ಬೆರಳಿನ ಕಡೆ ಬೊಟ್ಟು ಮಾಡುತ್ತದೆ, ಇನ್ನೊಂದು ಕಿರುಬೆರಳಿನ ಕಡೆ. ಎಷ್ಟೋ ಜನರಲ್ಲಿ ಒಂದು ರೇಖೆ ಉದ್ದ, ಇನ್ನೊಂದು ಗಿಡ್ಡ. ಎರಡೂ ಶಾಸ್ತ್ರ ಒಟ್ಟಿಗೆ ನಿಜವಾಗಲು ಸಾಧ್ಯವಿಲ್ಲ. ಎರಡರಲ್ಲಿ ಯಾವುದು ಸರಿ ಎಂದು ಹೇಳಲು ಆ ಶಾಸ್ತ್ರಗಳ ಒಳಗೇ ಯಾವ ದಾರಿಯೂ ಇಲ್ಲ.

ಒಟ್ಟು ವರ್ಷಗಳ ಕಥೆಯೂ ಹೀಗೆಯೇ. ಕ್ರೈಸ್ತ ಸಂಪ್ರದಾಯದಲ್ಲಿ ಮನುಷ್ಯನ ಆಯುಷ್ಯ 70 ವರ್ಷ ಎಂಬ ಎಣಿಕೆ ಇದೆ. ಆದ್ದರಿಂದ ಪಾಶ್ಚಾತ್ಯ ಪದ್ಧತಿಗಳಲ್ಲಿ ರೇಖೆಯನ್ನು 70ಕ್ಕೆ ಹಂಚುವುದು ಸಹಜವಾಗಿ ಕಾಣುತ್ತದೆ. ನಮ್ಮಲ್ಲಿ ಹಿರಿಯರು ಹರಸುವುದೇ ನೂರು ವರ್ಷ ಬಾಳು ಎಂದು, ಹಾಗಾಗಿ ನಮ್ಮ ಲೆಕ್ಕ 100. ಜ್ಯೋತಿಷ್ಯದ ವಿಂಶೋತ್ತರಿ ದಶೆಯಂತೂ 120 ವರ್ಷಗಳದು. ಚರ್ಮ ಒಂದೇ, ಮಡಿಕೆ ಒಂದೇ. ಅದರ ಮೇಲೆ ಬರೆಯುವ ಅಂಕಿ ಮಾತ್ರ ಆಯಾ ಸಮಾಜದ ಆಸೆಯಿಂದ ಬಂದದ್ದು.

ಒಂದು ಕೈ ಅಳೆದು ನೋಡೋಣ

ಲೆಕ್ಕ ಸ್ಪಷ್ಟವಾಗಲು ಒಂದು ಉದಾಹರಣೆ ತೆಗೆದುಕೊಳ್ಳೋಣ. 36 ವರ್ಷದ ಒಬ್ಬರ ಜೀವನ ರೇಖೆಯನ್ನು ದಾರದಿಂದ ಅಳೆದಾಗ 84 ಮಿಲಿಮೀಟರ್ ಬಂತು ಎಂದುಕೊಳ್ಳಿ. ಸರಿಯಾಗಿ ನಡುವೆ, 42ನೇ ಮಿಲಿಮೀಟರಿನಲ್ಲಿ, ರೇಖೆ ತುಂಡಾಗಿದೆ.

ರೇಖೆಯನ್ನು 70 ವರ್ಷಕ್ಕೆ ಹಂಚಿದರೆ ಒಂದು ವರ್ಷಕ್ಕೆ 1.2 ಮಿಲಿಮೀಟರ್. ತುಂಡಾದ ಜಾಗ 35ನೇ ವಯಸ್ಸು. ಅಂದರೆ ಗಂಡಾಂತರ ಕಳೆದ ವರ್ಷವೇ ಮುಗಿಯಿತು, ಇವರು ನಿಟ್ಟುಸಿರು ಬಿಡಬಹುದು.

ಏಳೇಳು ವರ್ಷದ 12 ತುಂಡು ಮಾಡಿ 84 ವರ್ಷಕ್ಕೆ ಹಂಚಿದರೆ ಒಂದು ವರ್ಷಕ್ಕೆ ಒಂದು ಮಿಲಿಮೀಟರ್. ಗಂಡಾಂತರ 42ಕ್ಕೆ. ಇನ್ನು ಆರು ವರ್ಷ ಹೆದರಿಕೊಂಡು ಕೂರಬೇಕು. ನೂರು ವರ್ಷಕ್ಕೆ ಹಂಚಿದರೆ ಅದೇ ಗುರುತು 50ಕ್ಕೆ ಬರುತ್ತದೆ.

ಇದು ಪದ್ಧತಿಯಿಂದ ಬಂದ ವ್ಯತ್ಯಾಸ. ಅಳೆಯುವಾಗ ಆಗುವ ವ್ಯತ್ಯಾಸ ಬೇರೆಯೇ ಇದೆ. ಜೀವನ ರೇಖೆ ಮತ್ತು ಬುದ್ಧಿ ರೇಖೆ ಹೆಚ್ಚಿನವರಲ್ಲಿ ಶುರುವಿನಲ್ಲಿ ಒಂದಾಗಿಯೇ ಇರುತ್ತವೆ. ಹಾಗಾದರೆ ಸೊನ್ನೆ ಎಲ್ಲಿ ಇಡುವುದು? ಅಂಗೈಯ ಅಂಚಿನಲ್ಲೋ, ಸ್ವಲ್ಪ ಒಳಗೋ? ಒಬ್ಬರು 4 ಮಿಲಿಮೀಟರ್ ಒಳಗಿನಿಂದ ಅಳೆದರೆ ಒಟ್ಟು ಉದ್ದ 80, ತುಂಡಾದ ಜಾಗ 38 ಆಗುತ್ತದೆ. ಆಗ 70 ವರ್ಷದ ಲೆಕ್ಕದಲ್ಲಿ ಉತ್ತರ 33. ಕೆಳತುದಿ ಇನ್ನೂ ಕಷ್ಟ. ಮಣಿಕಟ್ಟಿನ ಹತ್ತಿರ ರೇಖೆ ಮಸುಕಾಗಿ ಸಣ್ಣ ಸುಕ್ಕುಗಳಲ್ಲಿ ಕರಗಿಹೋಗುತ್ತದೆ. ಕೊನೆಯ 12 ಮಿಲಿಮೀಟರನ್ನು ರೇಖೆ ಎಂದು ಎಣಿಸದೆ ಬಿಟ್ಟರೆ ಒಟ್ಟು 72. ಆಗ ಅದೇ ತುಂಡು 70ರ ಲೆಕ್ಕದಲ್ಲಿ ಸುಮಾರು 41, ನೂರರ ಲೆಕ್ಕದಲ್ಲಿ 58.

ಒಂದೇ ಕೈ, ಒಂದೇ ಗುರುತು. ಉತ್ತರ 33ರಿಂದ 58ರವರೆಗೆ ಎಲ್ಲಿ ಬೇಕಾದರೂ ನಿಲ್ಲಬಹುದು. ಇದರಲ್ಲಿ ಯಾರೂ ಮೋಸ ಮಾಡಿಲ್ಲ, ಎಲ್ಲರೂ ಪ್ರಾಮಾಣಿಕವಾಗಿಯೇ ಅಳೆದಿದ್ದಾರೆ.

ಹೃದಯ ರೇಖೆಯಲ್ಲಿ ದಿಕ್ಕಿನ ತಕರಾರು ಸೇರುತ್ತದೆ. ರೇಖೆ 72 ಮಿಲಿಮೀಟರ್, ಒಟ್ಟು 90 ವರ್ಷ, ಕಿರುಬೆರಳಿನ ಕಡೆಯಿಂದ 24 ಮಿಲಿಮೀಟರಿನಲ್ಲಿ ಒಂದು ದ್ವೀಪ ಎಂದಿಟ್ಟುಕೊಳ್ಳಿ. ಕಿರುಬೆರಳಿನಿಂದ ಎಣಿಸಿದರೆ ಅದು 30ನೇ ವಯಸ್ಸು. ತೋರುಬೆರಳಿನಿಂದ ಎಣಿಸಿದರೆ 60. ಸೊಸೆಗೆ ಬರಬೇಕಾದ ಕಂಟಕ ಅತ್ತೆಯ ವಯಸ್ಸಿಗೆ ಹೋಗಿ ಕೂತಂತೆ!

ಇನ್ನು ಫೋನಿನಲ್ಲಿ ಫೋಟೊ ತೆಗೆದು ಕಳುಹಿಸಿ ಓದಿಸುವವರಿಗೆ ಒಂದು ಮಾತು. ಕೈಯನ್ನು ಸ್ವಲ್ಪ ಓರೆಯಾಗಿ ಹಿಡಿದರೂ ಕ್ಯಾಮೆರಾಕ್ಕೆ ಹತ್ತಿರವಿರುವ ಭಾಗ ಉದ್ದವಾಗಿ, ದೂರದ ಭಾಗ ಗಿಡ್ಡವಾಗಿ ಕಾಣುತ್ತದೆ. ಬೆರಳು ಅರ್ಧ ಮಡಚಿದ್ದರೆ ರೇಖೆಯ ಆಕಾರವೇ ಬದಲಾಗುತ್ತದೆ. ಕೆಲವು ಫೋನುಗಳ ಸೆಲ್ಫಿ ಕ್ಯಾಮೆರಾ ಚಿತ್ರವನ್ನು ಕನ್ನಡಿಯಂತೆ ತಿರುಗಿಸುವುದರಿಂದ ಎಡಗೈ ಬಲಗೈಯಾಗಿ ಹೋಗುತ್ತದೆ.

ಈ ರೇಖೆಗಳು ನಿಜವಾಗಿ ಏನು?

ಅಂಗೈ ಬಿಚ್ಚಿ ಹಿಡಿದು ಹೆಬ್ಬೆರಳನ್ನು ಮೆಲ್ಲಗೆ ಕಿರುಬೆರಳಿನ ಕಡೆಗೆ ತನ್ನಿ. ಜೀವನ ರೇಖೆ ಆಳವಾಗುವುದು ಕಾಣುತ್ತದೆ. ಈಗ ತೋರುಬೆರಳನ್ನು ಬುಡದಿಂದ ಮಡಚಿ. ಬುದ್ಧಿ ರೇಖೆ ಮಡಿಯುತ್ತದೆ. ನಡುಬೆರಳು, ಉಂಗುರಬೆರಳು, ಕಿರುಬೆರಳು ಮೂರನ್ನೂ ಬುಡದಿಂದ ಮಡಚಿದರೆ ಹೃದಯ ರೇಖೆ ಮಡಿಯುತ್ತದೆ. ಪುಸ್ತಕದ ಹಾಳೆಯನ್ನು ಒಂದೇ ಕಡೆ ಮಡಚುತ್ತಿದ್ದರೆ ಗೆರೆ ನಿಲ್ಲುವ ಹಾಗೆ, ಕೈ ಮಡಿಯುವ ಜಾಗದಲ್ಲಿ ಚರ್ಮಕ್ಕೆ ಇರುವ ಮಡಿಕೆಗಳಿವು. ಆ ಜಾಗಗಳಲ್ಲಿ ಚರ್ಮ ಒಳಗಿನ ಪದರಕ್ಕೆ ಬಿಗಿಯಾಗಿ ಅಂಟಿಕೊಂಡಿರುತ್ತದೆ. ಅದರಿಂದಾಗಿ ಹಿಡಿದ ವಸ್ತು ಜಾರದಂತೆ, ಚರ್ಮ ಎಲ್ಲೆಂದರಲ್ಲಿ ಗುಡ್ಡೆಯಾಗದಂತೆ ಕೈ ಮುಚ್ಚಲು ಅನುಕೂಲವಾಗುತ್ತದೆ. ಕೈಯ ಶಸ್ತ್ರಚಿಕಿತ್ಸೆ ಮಾಡುವ ವೈದ್ಯರು ಎಲ್ಲಿ ಕೊಯ್ಯಬೇಕು ಎಂದು ಗುರುತಿಸಲು ಇವೇ ರೇಖೆಗಳನ್ನು ನೋಡುತ್ತಾರೆ.

ಈ ಮಡಿಕೆಗಳು ಮೂಡುವುದು ತಾಯಿಯ ಗರ್ಭದಲ್ಲಿ. ಗರ್ಭದ ಮೊದಲ ಮೂರು ತಿಂಗಳ ಹೊತ್ತಿಗೆ ಮುಖ್ಯ ರೇಖೆಗಳು ಕಾಣಿಸಿಕೊಂಡಿರುತ್ತವೆ. ಹುಟ್ಟಿದ ಮಗುವಿನ ಅಂಗೈ ನೋಡಿ, ಮೂರೂ ರೇಖೆಗಳು ಪೂರ್ತಿ ಇರುತ್ತವೆ. ಮಗು ಬೆಳೆದಂತೆ ಅಂಗೈ ಬೆಳೆಯುತ್ತದೆ, ರೇಖೆಯೂ ಎಲ್ಲ ಕಡೆ ಹಿಗ್ಗುತ್ತದೆ. ರೇಖೆಯ ಒಂದು ತುದಿ ಮೊದಲು ಬೆಳೆದು ಇನ್ನೊಂದು ತುದಿ ವಯಸ್ಸಾದ ಮೇಲೆ ಬೆಳೆಯುವ ಕ್ರಮ ಇಲ್ಲ. ಮರದ ಕಾಂಡದಲ್ಲಿ ವರ್ಷಕ್ಕೊಂದು ಉಂಗುರ ಮೂಡುತ್ತದೆ, ಹಾಗಾಗಿ ಅಲ್ಲಿ ವರ್ಷ ಎಣಿಸಬಹುದು. ಅಂಗೈಯಲ್ಲಿ ಹಾಗೆ ವರ್ಷ ಕೂಡಿಡುವ ಯಾವ ಪ್ರಕ್ರಿಯೆಯೂ ನಡೆಯುವುದಿಲ್ಲ.

ಕೆಲವರ ಕೈಯಲ್ಲಿ ಬುದ್ಧಿ ರೇಖೆ ಮತ್ತು ಹೃದಯ ರೇಖೆ ಒಂದಾಗಿ, ಅಂಗೈಗೆ ಅಡ್ಡಲಾಗಿ ಒಂದೇ ಗೆರೆ ಇರುತ್ತದೆ. ಸುಮಾರು 30 ಜನರಲ್ಲಿ ಒಬ್ಬರಿಗೆ ಹೀಗಿರುವುದುಂಟು. ಬುದ್ಧಿ ರೇಖೆಯನ್ನು ತೋರುಬೆರಳಿನಿಂದ, ಹೃದಯ ರೇಖೆಯನ್ನು ಕಿರುಬೆರಳಿನಿಂದ ಎಣಿಸುವ ಪದ್ಧತಿಯಲ್ಲಿ ಇವರ ಒಂದೇ ಗೆರೆ ಎರಡೂ ದಿಕ್ಕಿಗೆ ಓಡಬೇಕಾಗುತ್ತದೆ. ಡೌನ್ ಸಿಂಡ್ರೋಮ್ ಇರುವ ಮಕ್ಕಳಲ್ಲಿ ಈ ಒಂಟಿ ಗೆರೆ ಹೆಚ್ಚಾಗಿ ಕಾಣುತ್ತದೆ ಎಂಬುದು ನಿಜ. ಆದರೆ ಪೂರ್ತಿ ಆರೋಗ್ಯವಾಗಿರುವವರಲ್ಲೂ ಇದು ಇರುವುದರಿಂದ, ಬರೀ ಈ ಗೆರೆ ನೋಡಿ ಮಗುವಿಗೆ ಕಾಯಿಲೆಯಿದೆ ಎಂದು ಹೆದರಬಾರದು.

'ಸಂಶೋಧನೆಯೇ ಆಗಿದೆಯಲ್ಲ' ಎನ್ನುವವರಿಗೆ

ಈ ವಿಷಯದಲ್ಲಿ ವೈದ್ಯರು ಅಳತೆ ಮಾಡಿದ್ದೂ ಉಂಟು. 1974ರಲ್ಲಿ ಅಮೆರಿಕದ ಒಂದು ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಪುಟ್ಟ ವರದಿಗಾಗಿ 51 ಶವಗಳ ಜೀವನ ರೇಖೆ ಅಳೆದಿದ್ದರು. ಉದ್ದಕ್ಕೂ ಸತ್ತ ವಯಸ್ಸಿಗೂ ಸಂಬಂಧ ಕಾಣಲಿಲ್ಲ. 1990ರಲ್ಲಿ ಬ್ರಿಟನ್ನಿನ ಪತ್ರಿಕೆಯೊಂದರಲ್ಲಿ 100 ಶವಗಳ ಅಳತೆ ಪ್ರಕಟವಾಯಿತು. ಅದರಲ್ಲಿ ಮಾತ್ರ, ಹೆಚ್ಚು ವಯಸ್ಸಾಗಿ ಸತ್ತವರ ರೇಖೆ ಉದ್ದವಾಗಿತ್ತು. ವಿಜ್ಞಾನವೇ ಒಪ್ಪಿದೆ ಎನ್ನುವವರಿಗೆ ಈ ಎರಡನೆಯದು ಒಳ್ಳೆಯ ಆಯುಧ.

ಆದರೆ ಅಳೆದದ್ದು ಯಾವಾಗ ಎಂದು ಗಮನಿಸಿ. ಸತ್ತ ಮೇಲೆ. 85 ವರ್ಷದವರ ಚರ್ಮ ಸಡಿಲವಾಗಿ, ಸುಕ್ಕುಗಟ್ಟಿ, ಮಡಿಕೆಗಳು ಆಳವೂ ಉದ್ದವೂ ಆಗಿರುತ್ತವೆ. 45ಕ್ಕೆ ತೀರಿಕೊಂಡವರ ಕೈಗೆ ಅಷ್ಟು ಸುಕ್ಕುಗಟ್ಟಲು ಸಮಯವೇ ಸಿಕ್ಕಿರುವುದಿಲ್ಲ. ಉದ್ದ ರೇಖೆಯಿಂದ ದೀರ್ಘಾಯುಷ್ಯ ಬಂತೋ, ದೀರ್ಘಾಯುಷ್ಯದಿಂದ ರೇಖೆ ಉದ್ದವಾಯಿತೋ? ಶವದ ಕೈ ಅಳೆದು ಇದಕ್ಕೆ ಉತ್ತರ ಹೇಳಲಾಗದು. ಉತ್ತರ ಬೇಕಾದರೆ ಚಿಕ್ಕ ವಯಸ್ಸಿನಲ್ಲೇ ಕೈ ಅಳೆದಿಟ್ಟು, ಅವರೆಲ್ಲರ ಆಯುಷ್ಯವನ್ನು ಕೊನೆಯವರೆಗೆ ಗಮನಿಸಬೇಕು. ಅದೂ ಅಲ್ಲದೆ ಆ ಎರಡೂ ವರದಿಗಳು ನೋಡಿದ್ದು ಒಟ್ಟು ಉದ್ದವನ್ನು. ಇಂಥ ಜಾಗದಲ್ಲಿ ತುಂಡಾದರೆ ಇಂಥ ವರ್ಷ ಕಾಯಿಲೆ ಎಂಬ ಮಾತಿಗೆ ಅವುಗಳಿಂದ ಬೆಂಬಲ ಸಿಗುವುದಿಲ್ಲ.

ಹಾಗಾದರೆ ಹೇಳಿದ್ದು ಸರಿಹೋಗುವುದು ಹೇಗೆ?

"ನನಗೆ 27ರಲ್ಲಿ ಅಪಘಾತ ಆಗಿದ್ದನ್ನು ಕೈ ನೋಡಿಯೇ ಹೇಳಿದರು" ಎನ್ನುವವರು ನಮ್ಮ ನಡುವೆ ಇದ್ದಾರೆ. ಅವರು ಸುಳ್ಳು ಹೇಳುತ್ತಿಲ್ಲ. ಸ್ವಲ್ಪ ಲೆಕ್ಕ ಹಾಕಿ ನೋಡಿ. ಕೈ ಓದುವವರು ಸಾಮಾನ್ಯವಾಗಿ "26, 27ರ ಆಸುಪಾಸು" ಎನ್ನುತ್ತಾರೆ. ಹಿಂದೆ ಎರಡು ವರ್ಷ, ಮುಂದೆ ಎರಡು ವರ್ಷ ಬಿಟ್ಟರೂ ಒಂದು ಗುರುತು ಐದು ವರ್ಷಗಳನ್ನು ಆವರಿಸುತ್ತದೆ. ಒಂದು ಅಂಗೈಯ ಮೂರು ರೇಖೆಗಳಲ್ಲಿ ಐದು ಗುರುತು ಸಿಗುವುದು ಕಷ್ಟವಲ್ಲ. ಅಲ್ಲಿಗೆ 70 ವರ್ಷದ ಬದುಕಿನಲ್ಲಿ 25 ವರ್ಷ ಸೇರಿಹೋಯಿತು. ಇನ್ನೊಂದು ಕೈಯನ್ನೂ ನೋಡಿದರೆ 50 ವರ್ಷದವರೆಗೂ ಹೋಗಬಹುದು. ಅಷ್ಟು ವರ್ಷಗಳಲ್ಲಿ ಒಂದು ಕಾಯಿಲೆ, ಒಂದು ಸಾವು, ಒಂದು ಸಾಲ, ಒಂದು ಬಿದ್ದ ಪೆಟ್ಟು ಇಲ್ಲದ ಮನೆ ಯಾವುದು?

ಇದರ ಮೇಲೆ ಇನ್ನೊಂದಿದೆ. ಕೈ ಚಾಚಿದವರ ವಯಸ್ಸು ಮುಖದಲ್ಲೇ ಕಾಣುತ್ತದೆ. ಆಗಿಹೋದ ಘಟನೆಯನ್ನು ಅವರೇ ಮಾತಿನ ನಡುವೆ ಹೇಳಿಬಿಡುತ್ತಾರೆ. ಆಮೇಲೆ ರೇಖೆಯಲ್ಲಿ ಅದಕ್ಕೆ ಹೊಂದುವ ಜಾಗ ಹುಡುಕುವುದು ಸುಲಭ. ಹೊಂದದ ಗುರುತುಗಳು ನೆನಪಿನಲ್ಲಿ ಉಳಿಯುವುದಿಲ್ಲ.

ಪರೀಕ್ಷೆ ಮಾಡಬೇಕೆಂದಿದ್ದರೆ ದಾರಿ ಸುಲಭವಿದೆ. ಮನೆಯ ಹಿರಿಯರೊಬ್ಬರ ಅಂಗೈಗೆ ಶಾಯಿ ಹಚ್ಚಿ ಬಿಳಿ ಹಾಳೆಯ ಮೇಲೆ ಅಚ್ಚು ತೆಗೆಯಿರಿ. ಹೆಸರು, ವಯಸ್ಸು ಏನೂ ಬರೆಯದೆ ಮೂವರು ಬೇರೆ ಬೇರೆ ಓದುಗರಿಗೆ ಕೊಡಿ. ಮುಖ್ಯ ಘಟನೆಗಳು ಯಾವ ವಯಸ್ಸಿನಲ್ಲಿ ನಡೆದಿವೆ ಎಂದು ಬರೆದುಕೊಡಲು ಹೇಳಿ. ಮೂವರ ಅಂಕಿಗಳನ್ನು ಮೊದಲು ಒಂದಕ್ಕೊಂದು ಹೋಲಿಸಿ, ಆಮೇಲೆ ಹಿರಿಯರ ಬದುಕಿನೊಂದಿಗೆ ಹೋಲಿಸಿ. ಮೂವರೂ ಪರಸ್ಪರ ಒಪ್ಪದಿದ್ದರೆ ಮುಂದಿನ ಹೋಲಿಕೆಯ ಅಗತ್ಯವೇ ಇರುವುದಿಲ್ಲ.

ಇದರಲ್ಲಿ ತೊಂದರೆ ಏನು?

ಕೈ ನೋಡಿಸಿಕೊಂಡು ನಕ್ಕು ಎದ್ದು ಬಂದರೆ ಯಾರಿಗೂ ನಷ್ಟವಿಲ್ಲ. ವಯಸ್ಸು ಹೇಳುವ ಫಾರ್ವರ್ಡ್ ಅಷ್ಟಕ್ಕೇ ನಿಲ್ಲುವುದಿಲ್ಲ. 42ಕ್ಕೆ ಗಂಡಾಂತರ ಎಂದು ನಂಬಿದವರು ಆ ವರ್ಷ ಬೇಕಾದ ಶಸ್ತ್ರಚಿಕಿತ್ಸೆಯನ್ನು ಮುಂದಕ್ಕೆ ಹಾಕಬಹುದು, ಶಾಂತಿ ಮಾಡಿಸಲು ಸಾಲ ಮಾಡಬಹುದು. ಅದಕ್ಕಿಂತ ಅಪಾಯದ್ದು ಸುಳ್ಳು ಧೈರ್ಯ. ಹೃದಯ ರೇಖೆ ನೀಟಾಗಿದೆ, ಜೀವನ ರೇಖೆ ಮಣಿಕಟ್ಟಿನವರೆಗೆ ಇದೆ, ನನಗೇನೂ ಆಗದು ಎಂದುಕೊಂಡು ಎದೆನೋವನ್ನು ಗ್ಯಾಸ್ ಎಂದು ತಳ್ಳಿಹಾಕುವವರಿಗೆ ಪ್ರತಿ ನಿಮಿಷವೂ ಮುಖ್ಯ. ಹೃದಯ ರೇಖೆಗೂ ಹೃದಯದ ರಕ್ತನಾಳಕ್ಕೂ ಯಾವ ಸಂಪರ್ಕವೂ ಇಲ್ಲ. ಎದೆಯ ಮಧ್ಯೆ ಒತ್ತಿದಂತಾಗಿ, ನೋವು ಎಡತೋಳಿಗೋ ದವಡೆಗೋ ಹರಡಿ, ಬೆವರು ಬಂದರೆ ಅಂಗೈ ನೋಡುತ್ತಾ ಕೂರದೆ 108ಕ್ಕೆ ಕರೆ ಮಾಡಿ.

ವೈದ್ಯರೂ ಅಂಗೈ ನೋಡುತ್ತಾರೆ, ಆದರೆ ಬೇರೆ ಕಾರಣಕ್ಕೆ. ಅಂಗೈ ಬಿಳಿಚಿಕೊಂಡಿದ್ದರೆ ರಕ್ತಹೀನತೆ ಇರಬಹುದೇ ಎಂದು ಯೋಚಿಸುತ್ತಾರೆ. ಉಂಗುರಬೆರಳಿನ ಬುಡದಲ್ಲಿ ಚರ್ಮ ಗಂಟುಗಟ್ಟಿ ಬೆರಳು ನೇರವಾಗದಿದ್ದರೆ ಒಳಗಿನ ಪದರ ಬಿಗಿಯುತ್ತಿದೆಯೇ ಎಂದು ಪರೀಕ್ಷಿಸುತ್ತಾರೆ. ಇವೆಲ್ಲ ಇವತ್ತು ದೇಹದಲ್ಲಿ ಆಗುತ್ತಿರುವುದರ ಸೂಚನೆಗಳು. ಬೇರೆ ಪರೀಕ್ಷೆ ಮಾಡಿ ಅವನ್ನು ಖಚಿತಪಡಿಸಿಕೊಳ್ಳಬಹುದು, ತಪ್ಪಿದ್ದರೆ ತಿದ್ದಿಕೊಳ್ಳಬಹುದು.

ಮುಂದಿನ ಸಲ ಅಂಕಿ ಬರೆದ ಅಂಗೈಯ ಚಿತ್ರ ಬಂದರೆ ಕಳುಹಿಸಿದವರಿಗೆ ಮೂರೇ ಪ್ರಶ್ನೆ ಕೇಳಿ. ಸೊನ್ನೆ ಎಲ್ಲಿಂದ? ಒಟ್ಟು ಎಷ್ಟು ವರ್ಷಕ್ಕೆ ಹಂಚಿದ್ದು, 70ಕ್ಕೋ 100ಕ್ಕೋ? ಎಡಗೈಯಲ್ಲಿ ಒಂದು ವಯಸ್ಸು, ಬಲಗೈಯಲ್ಲಿ ಇನ್ನೊಂದು ಬಂದರೆ ಯಾವುದನ್ನು ನಂಬಬೇಕು? ಈ ಮೂರಕ್ಕೂ ಉತ್ತರ ಸಿಗುವವರೆಗೆ ಆ ಚಿತ್ರವನ್ನು ಮುಂದಕ್ಕೆ ಕಳುಹಿಸುವ ಅವಸರ ಬೇಡ.